ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ತಾಳೆಯಾಗದಿದ್ದಾಗ: ರೀಫಂಡ್ ಮತ್ತು ರಿವರ್ಸಲ್ ಸಾಲುಗಳ ದೋಷ ನಿವಾರಣೆ

ಸ್ಟೇಟ್‌ಮೆಂಟ್‌ನ ಸಾಲುಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಂಡು ಕೂಡಿದಾಗ ಬರುವ ಮೊತ್ತವು ಸ್ಟೇಟ್‌ಮೆಂಟ್ ತೋರಿಸುವ ಒಟ್ಟು ಬಾಕಿಗೆ ಹೊಂದದೆ ಹೋದರೆ, ಹೆಚ್ಚಿನವರು ಮೊದಲ ಸಾಲಿನಿಂದ ಒಂದೊಂದನ್ನೇ ಮತ್ತೆ ಪರೀಕ್ಷಿಸತೊಡಗುತ್ತಾರೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ರೀಫಂಡ್ ಅಥವಾ ರಿವರ್ಸಲ್‌ನಿಂದ ಹುಟ್ಟಿದ ತಪ್ಪು ಬಹುಪಾಲು ತನ್ನ ಗುರುತನ್ನು ವ್ಯತ್ಯಾಸದ ಅಂಕಿಯಲ್ಲೇ ಬಿಟ್ಟಿರುತ್ತದೆ. ಕಳೆಯಬೇಕಾದ ಸಾಲನ್ನು ಕೂಡಿದ್ದರೆ ವ್ಯತ್ಯಾಸವು ಆ ಸಾಲಿನ ಎರಡರಷ್ಟಾಗುತ್ತದೆ. ಕಳೆಯಬೇಕಾದ ಸಾಲು ಲೆಕ್ಕದಿಂದ ಬಿಟ್ಟುಹೋಗಿದ್ದರೆ ವ್ಯತ್ಯಾಸವು ಆ ಸಾಲಿನಷ್ಟೇ ಆಗುತ್ತದೆ. ಈ ಬರಹದ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಆರಂಭಿಸುವ ಮೊದಲು ಬ್ಯಾಂಕಿನಿಂದ ಪಡೆದ ಮೂಲ ಕಡತವನ್ನು ಹಾಗೆಯೇ ಉಳಿಸಿ, ಅದರ ಪ್ರತಿಯೊಂದರಲ್ಲಿ ಕೆಲಸ ಮಾಡಿ. ಚಿಹ್ನೆಗಳನ್ನು ಕೈಯಿಂದ ತಿದ್ದಿದ ಮೇಲೆ ಮೂಲದಲ್ಲಿ ಏನಿತ್ತೆಂದು ನೆನಪಿನಿಂದ ಹೇಳುವುದು ಸಾಧ್ಯವಿಲ್ಲ.

## ಉದಾಹರಣೆಯ ಸ್ಟೇಟ್‌ಮೆಂಟ್

ಮುಂದಿನ ಎಲ್ಲ ಭಾಗಗಳಲ್ಲಿ ಈ ಒಂದೇ ಸ್ಟೇಟ್‌ಮೆಂಟ್ ಅನ್ನು ಬಳಸಲಾಗಿದೆ. ಹಿಂದಿನ ಬಾಕಿ 18,400.00, ಸ್ಟೇಟ್‌ಮೆಂಟ್ ತೋರಿಸುವ ಈಗಿನ ಒಟ್ಟು ಬಾಕಿ 12,230.00.

| ಸಾಲು | ವಿವರ | ಮೊತ್ತ | ಗುರುತು |
|---|---|---|---|
| 1 | ಕಾರ್ಡ್ ಬಾಕಿಯ ಪಾವತಿ | 18,400.00 | CR |
| 2 | ಬಟ್ಟೆ ಖರೀದಿ | 3,250.00 | |
| 3 | ದಿನಸಿ | 2,180.00 | |
| 4 | ಹೆಡ್‌ಫೋನ್ | 4,999.00 | |
| 5 | ಹೆಡ್‌ಫೋನ್ ರೀಫಂಡ್ | 4,999.00 | CR |
| 6 | ಬಟ್ಟೆ, ಭಾಗಶಃ ರೀಫಂಡ್ | 1,125.00 | CR |
| 7 | ಪ್ರಯಾಣದ ಟಿಕೆಟ್ | 6,740.00 | |
| 8 | ವಿಳಂಬ ಶುಲ್ಕ | 500.00 | |
| 9 | ವಿಳಂಬ ಶುಲ್ಕದ ರಿವರ್ಸಲ್ | 500.00 | CR |
| 10 | ವಿದ್ಯುತ್ ಬಿಲ್ | 1,460.00 | |
| 11 | ಹಿಂದಿನ ಅವಧಿಯ ಖರೀದಿಯ ರೀಫಂಡ್ | 890.00 | CR |
| 12 | ಔಷಧ | 615.00 | |

CR ಎಂಬ ಗುರುತಿರುವುದು ಜಮೆಯ ಸಾಲು, ಅಂದರೆ ನಿಮ್ಮ ಬಾಕಿಯನ್ನು ಇಳಿಸುವ ಸಾಲು. ಗುರುತಿಲ್ಲದ್ದು ಖರ್ಚಿನ ಸಾಲು. ಖರ್ಚಿನ ಏಳು ಸಾಲುಗಳು ಸೇರಿ 19,744.00 ಆಗುತ್ತವೆ. ಪಾವತಿಯನ್ನು ಬಿಟ್ಟು ಉಳಿದ ನಾಲ್ಕು ಜಮೆಗಳು 7,514.00, ಪಾವತಿಯೂ ಸೇರಿದರೆ ಒಟ್ಟು ಜಮೆ 25,914.00. ಹಿಂದಿನ ಬಾಕಿಗೆ ಖರ್ಚನ್ನು ಕೂಡಿ ಜಮೆಯನ್ನು ಕಳೆದರೆ 18,400 + 19,744 − 25,914 = 12,230. ಲೆಕ್ಕ ತಾಳೆಯಾಗುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ B ಕಾಲಂನಲ್ಲಿ ವಿವರ, C ಯಲ್ಲಿ ಮೊತ್ತ, D ಯಲ್ಲಿ ಗುರುತು, E ಯಲ್ಲಿ ಚಿಹ್ನೆ ಹಚ್ಚಿದ ಮೊತ್ತ ಇದೆ ಎಂದೂ, ಮೇಲಿನ ಹನ್ನೆರಡು ಸಾಲುಗಳು 2ರಿಂದ 13ನೆಯ ಅಡ್ಡಸಾಲಿನವರೆಗೆ ಇವೆ ಎಂದೂ ಇಟ್ಟುಕೊಳ್ಳೋಣ.

## ಲಕ್ಷಣ: ನನ್ನ ಮೊತ್ತ ಹೆಚ್ಚಾಗಿದೆ, ವ್ಯತ್ಯಾಸದ ಅರ್ಧವು ಒಂದು ಜಮೆಗೆ ಹೊಂದುತ್ತದೆ

ನಿಮ್ಮ ಮೊತ್ತ 14,480.00 ಬಂದಿದೆ ಎನ್ನಿ. ವ್ಯತ್ಯಾಸ 2,250.00. ಈ ಅಂಕಿಯ ಸಾಲು ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಆದರೆ ಅದರ ಅರ್ಧವಾದ 1,125.00 ಆರನೆಯ ಸಾಲಿನಲ್ಲಿದೆ, ಮತ್ತು ಅದು ಜಮೆಯ ಸಾಲು. ಆ ರೀಫಂಡ್ ಮೈನಸ್ ಇಲ್ಲದೆ ಕೂಡಿಕೊಂಡಿದೆ ಎಂದು ಇಷ್ಟರಿಂದಲೇ ಹೇಳಬಹುದು. ಅದು ಬಾಕಿಯನ್ನು 1,125ರಷ್ಟು ಇಳಿಸಬೇಕಾಗಿತ್ತು. ಅದರ ಬದಲು 1,125ರಷ್ಟು ಏರಿಸಿತು. ಆದ್ದರಿಂದ ಅಂತರ ಎರಡರಷ್ಟಾಯಿತು.

ಒಂದೇ ಸಾಲಿನ ಬದಲು ಎಲ್ಲ ರೀಫಂಡ್‌ಗಳೂ ಹೀಗೆ ತಪ್ಪಿರುವುದು ಇನ್ನೂ ಸಾಮಾನ್ಯ. ಪಾವತಿಯ ಸಾಲು ದೊಡ್ಡದಾದ್ದರಿಂದ ಅದಕ್ಕೆ ಮೈನಸ್ ಹಾಕಲು ಯಾರೂ ಮರೆಯುವುದಿಲ್ಲ. ಖರೀದಿಗಳ ನಡುವೆ, ಅದೇ ಅಂಗಡಿಯ ಹೆಸರಿನಲ್ಲಿ ಕುಳಿತಿರುವ ರೀಫಂಡ್‌ಗಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಆಗ ನಮ್ಮ ಉದಾಹರಣೆಯಲ್ಲಿ ಮೊತ್ತ 27,258.00 ಆಗುತ್ತದೆ, ವ್ಯತ್ಯಾಸ 15,028.00, ಅದರ ಅರ್ಧ 7,514.00. ಈ ಅಂಕಿ ಯಾವ ಒಂದು ಸಾಲಿನದೂ ಅಲ್ಲ, ನಾಲ್ಕು ಜಮೆಗಳ ಒಟ್ಟು. ಆದ್ದರಿಂದ ಅರ್ಧವನ್ನು ಒಂದೊಂದು ಸಾಲಿನೊಂದಿಗೆ ಹೋಲಿಸಿ ಕೈಬಿಡದೆ, ಎಲ್ಲ ರೀಫಂಡ್‌ಗಳ ಮೊತ್ತದೊಂದಿಗೂ ಹೋಲಿಸಬೇಕು.

ಇದಕ್ಕೆ ತದ್ವಿರುದ್ಧವಾದ ಕಾರಣದಿಂದಲೂ ಇದೇ ಲಕ್ಷಣ ಕಾಣಿಸಿಕೊಳ್ಳಬಹುದು. ಕಡತದಲ್ಲಿ ರೀಫಂಡ್ ಆಗಲೇ −1,125.00 ಎಂದು ಬಂದಿದ್ದು, ಜೊತೆಗೆ CR ಎಂಬ ಗುರುತೂ ಇದ್ದರೆ, ಆ ಗುರುತನ್ನು ನೋಡಿ ಮತ್ತೊಮ್ಮೆ ಮೈನಸ್ ಹಚ್ಚಿದಾಗ ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ. ಫಲಿತಾಂಶ ಅದೇ ಆದ್ದರಿಂದ ಮೊತ್ತವನ್ನಷ್ಟೇ ನೋಡಿ ಈ ಎರಡನ್ನು ಬೇರ್ಪಡಿಸಲಾಗದು. ಮೂಲ ಕಡತದ ಸೆಲ್ ತೆರೆದು ನೋಡಬೇಕು.

ಎರಡಕ್ಕೂ ಪರಿಹಾರ ಒಂದೇ. ಚಿಹ್ನೆಯನ್ನು ಕೈಯಿಂದ ಹಾಕುವುದನ್ನು ಬಿಟ್ಟು, ಗುರುತಿನ ಕಾಲಂ ಒಂದೇ ಅದನ್ನು ನಿರ್ಧರಿಸುವಂತೆ E ಕಾಲಂನಲ್ಲಿ ಹೀಗೆ ಬರೆಯಿರಿ:

```
=IF(TRIM(D2)="CR",-ABS(C2),ABS(C2))
```

`ABS` ಮೊದಲು ಇರುವ ಚಿಹ್ನೆಯನ್ನು ಅಳಿಸುತ್ತದೆ, ನಂತರ ಗುರುತಿನ ಪ್ರಕಾರ ಹೊಸ ಚಿಹ್ನೆ ಬೀಳುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಕೆಲವು ಕಡತಗಳಲ್ಲಿ CR ಎಂಬ ಕಾಲಂ ಇರುವುದಿಲ್ಲ, ಮೈನಸ್ ಚಿಹ್ನೆಯೊಂದೇ ಜಮೆಯ ಗುರುತಾಗಿರುತ್ತದೆ. ಅಂಥ ಕಡತದ ಮೇಲೆ `ABS` ಬಳಸಿದರೆ ಇದ್ದ ಒಂದೇ ಮಾಹಿತಿಯೂ ಅಳಿಸಿಹೋಗಿ ಎಲ್ಲ ರೀಫಂಡ್‌ಗಳೂ ಖರ್ಚಾಗಿಬಿಡುತ್ತವೆ.

## ಲಕ್ಷಣ: ನನ್ನ ಮೊತ್ತ ಹೆಚ್ಚಾಗಿದೆ, ವ್ಯತ್ಯಾಸವು ಜಮೆಯಷ್ಟೇ ಇದೆ

ಮೊತ್ತ 13,120.00 ಬಂದು ವ್ಯತ್ಯಾಸ 890.00 ಆಗಿದ್ದರೆ, ಹನ್ನೊಂದನೆಯ ಸಾಲಿನ ರೀಫಂಡ್ ಕೂಡಿಕೊಂಡೂ ಇಲ್ಲ, ಕಳೆದುಕೊಂಡೂ ಇಲ್ಲ. ಅದು ಲೆಕ್ಕಕ್ಕೇ ಬಂದಿಲ್ಲ. ನಕಲು ಮಾಡುವಾಗ ಸಾಲು ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ. ಅದು ಅರ್ಧ ನಿಮಿಷದ ಕೆಲಸ. ಸಾಲು ಕಣ್ಣೆದುರೇ ಇದ್ದೂ ಲೆಕ್ಕಕ್ಕೆ ಬರದಿದ್ದರೆ, ಆ ಸೆಲ್‌ನಲ್ಲಿರುವುದು ಸಂಖ್ಯೆಯಲ್ಲ, ಸಂಖ್ಯೆಯಂತೆ ಕಾಣುವ ಪಠ್ಯ.

`SUM` ತನಗೆ ಕೊಟ್ಟ ಸೆಲ್‌ಗಳ ಸಾಲಿನಲ್ಲಿ ಪಠ್ಯ ಸಿಕ್ಕಿದರೆ ದೋಷವನ್ನೇನೂ ತೋರಿಸದೆ ಸುಮ್ಮನೆ ದಾಟಿಹೋಗುತ್ತದೆ. ಖರೀದಿಯ ಅಂಕಿಗಳು ಸರಳವಾಗಿರುವುದರಿಂದ ಸಂಖ್ಯೆಗಳಾಗಿಯೇ ಬರುತ್ತವೆ. ಆದರೆ ಜಮೆಯ ಅಂಕಿಗೆ ಏನಾದರೊಂದು ಅಂಟಿಕೊಂಡಿರುತ್ತದೆ: `1,125.00 CR` ಎಂಬಲ್ಲಿ ಅಕ್ಷರಗಳು, `1,125.00-` ಎಂಬಲ್ಲಿ ಕೊನೆಗೆ ಬಂದ ಮೈನಸ್, ಅಥವಾ ಪಿಡಿಎಫ್‌ನಿಂದ ನಕಲು ಮಾಡಿದಾಗ ಕೀಲಿಮಣೆಯ ಅಡ್ಡಗೆರೆಗಿಂತ ತುಸು ಉದ್ದವಾಗಿ ಮುದ್ರಣಕ್ಕೆಂದೇ ಇರುವ ಬೇರೊಂದು ಮೈನಸ್. ಕೊನೆಯದು ಬಹಳ ಮೋಸದ್ದು, ಏಕೆಂದರೆ ನೋಟಕ್ಕೆ ಅದು ಸರಿಯಾದ ಋಣಸಂಖ್ಯೆಯಂತೆಯೇ ಕಾಣುತ್ತದೆ. ಹೀಗೆ ಈ ದೋಷವು ರೀಫಂಡ್‌ಗಳನ್ನೇ ಹುಡುಕಿಕೊಂಡು ಬರುತ್ತದೆ.

ಎಲ್ಲಕ್ಕಿಂತ ಸುಲಭವಾದ ಪರೀಕ್ಷೆಯೆಂದರೆ ಸೆಲ್‌ನ ಜೋಡಣೆಯನ್ನು ನೋಡುವುದು. ನೀವು ಬದಲಿಸದಿದ್ದರೆ ಸಂಖ್ಯೆಗಳು ಬಲಕ್ಕೂ ಪಠ್ಯವು ಎಡಕ್ಕೂ ಸರಿದು ನಿಲ್ಲುತ್ತವೆ. ಸಾಲುಗಳು ನೂರಾರು ಇದ್ದರೆ ಎಣಿಕೆಯಿಂದ ತಿಳಿಯಬಹುದು:

```
=COUNTA(C2:C13)
=COUNT(C2:C13)
```

ಮೊದಲನೆಯದು ತುಂಬಿರುವ ಎಲ್ಲ ಸೆಲ್‌ಗಳನ್ನೂ, ಎರಡನೆಯದು ಸಂಖ್ಯೆಯಿರುವ ಸೆಲ್‌ಗಳನ್ನಷ್ಟೇ ಎಣಿಸುತ್ತದೆ. ನಮ್ಮ ಉದಾಹರಣೆಯಲ್ಲಿ CR ಎಂಬುದು ಮೊತ್ತದೊಳಗೇ ಅಂಟಿಕೊಂಡಿದ್ದರೆ ಉತ್ತರಗಳು 12 ಮತ್ತು 7 ಆಗುತ್ತವೆ. ಐದು ಜಮೆಗಳೂ ಲೆಕ್ಕದ ಹೊರಗಿರುತ್ತವೆ, ಮೊತ್ತ 38,144.00ಕ್ಕೆ ಏರುತ್ತದೆ, ವ್ಯತ್ಯಾಸ ಕರಾರುವಾಕ್ಕಾಗಿ ಒಟ್ಟು ಜಮೆಯಾದ 25,914.00 ಆಗಿರುತ್ತದೆ. ಅಂಥ ಕಡತಕ್ಕೆ ಈ ಸೂತ್ರವನ್ನು ಬಳಸಿ:

```
=IF(RIGHT(TRIM(C2),2)="CR",-1,1)*VALUE(TRIM(SUBSTITUTE(SUBSTITUTE(C2,"CR",""),",","")))
```

ಉದ್ದನೆಯ ಮೈನಸ್ ಇದ್ದಲ್ಲಿ ಅದನ್ನು ಮಾಮೂಲಿ ಮೈನಸ್‌ಗೆ ಬದಲಿಸಿದರೆ ಸಾಕು:

```
=VALUE(SUBSTITUTE(SUBSTITUTE(C2,UNICHAR(8722),"-"),",",""))
```

ಈ ಸೂತ್ರಗಳು ಅಲ್ಪವಿರಾಮವು ಸಾವಿರದ ಗುರುತು ಮತ್ತು ಚುಕ್ಕಿಯು ದಶಮಾಂಶದ ಗುರುತು ಎಂದು ನಂಬಿಕೊಂಡಿವೆ. ನಿಮ್ಮ ಕಡತದಲ್ಲಿ ಅವು ಅದಲುಬದಲಾಗಿದ್ದರೆ ಇವನ್ನು ಹಾಗೆಯೇ ಬಳಸಬಾರದು. ಸೂತ್ರ ಹಾಕಿದ ಮೇಲೂ ದೋಷದ ಸಂದೇಶ ಬಂದರೆ ಸೆಲ್‌ನಲ್ಲಿ ಕಾಣದ ಖಾಲಿ ಜಾಗವೊಂದು ಉಳಿದಿರಬಹುದು. ವೆಬ್ ಪುಟಗಳಿಂದ ಬರುವ ಈ ಬಗೆಯ ಖಾಲಿ ಜಾಗವನ್ನು `TRIM` ತೆಗೆಯುವುದಿಲ್ಲ, `UNICHAR(160)` ಅನ್ನು ಇದೇ ರೀತಿ ತೆಗೆಸಬೇಕಾಗುತ್ತದೆ.

ವ್ಯತ್ಯಾಸವು 4,999.00 ಅಥವಾ 500.00 ಆಗಿದ್ದರೆ ಮಾತ್ರ ತೀರ್ಮಾನಕ್ಕೆ ಅವಸರ ಮಾಡಬೇಡಿ. ಈ ಅಂಕಿಗಳು ಖರ್ಚಿನಲ್ಲೂ ಇವೆ, ಜಮೆಯಲ್ಲೂ ಇವೆ. ಹೆಡ್‌ಫೋನ್‌ನ ರೀಫಂಡ್ ಬಿಟ್ಟುಹೋಗಿದ್ದರೂ ಮೊತ್ತ 4,999 ಹೆಚ್ಚಾಗುತ್ತದೆ, ಅದರ ಖರೀದಿ ಎರಡು ಬಾರಿ ನಮೂದಾಗಿದ್ದರೂ ಅಷ್ಟೇ ಹೆಚ್ಚಾಗುತ್ತದೆ. ಸಾಲುಗಳ ಸಂಖ್ಯೆಯನ್ನು ಸ್ಟೇಟ್‌ಮೆಂಟ್‌ನೊಂದಿಗೆ ಹೋಲಿಸಿದರೆ ಸಂದೇಹ ತೀರುತ್ತದೆ: ಒಂದು ಕಡಿಮೆಯಿದ್ದರೆ ರೀಫಂಡ್ ಬಿಟ್ಟುಹೋಗಿದೆ, ಒಂದು ಹೆಚ್ಚಿದ್ದರೆ ಖರೀದಿ ಎರಡಾಗಿದೆ, ಸಮವಾಗಿದ್ದರೆ ರೀಫಂಡ್ ಪಠ್ಯವಾಗಿ ಕುಳಿತಿದೆ.

## ಲಕ್ಷಣ: ನನ್ನ ಮೊತ್ತ ಕಡಿಮೆ ಬಂದಿದೆ, ಇಲ್ಲವೇ ಮೈನಸ್‌ನಲ್ಲಿದೆ

ಮೊತ್ತ −6,170.00 ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಪಾವತಿಯನ್ನು ಕಳೆದಿದ್ದೀರಿ, ಆದರೆ ಆ ಪಾವತಿ ಯಾವ ಬಾಕಿಗೆ ಸಂದಿತೋ ಆ ಹಿಂದಿನ ಬಾಕಿಯನ್ನು ಕೂಡಿಲ್ಲ. 18,400 ಕೂಡಿದೊಡನೆ 12,230 ಬರುತ್ತದೆ. ಪಾವತಿಯೂ ರೀಫಂಡ್‌ನಂತೆಯೇ ಜಮೆಯ ಸಾಲು ಎಂಬುದು ಇಲ್ಲಿಯ ಗೊಂದಲದ ಮೂಲ.

ಮೊತ್ತ 24,570.00 ಬಂದರೆ ಅದು ಹೆಚ್ಚಾದ ಲಕ್ಷಣವೇ ಆದರೂ ಇಲ್ಲಿಯೇ ಹೇಳಬೇಕಾದದ್ದು. ವ್ಯತ್ಯಾಸ 12,340.00, ಅದರ ಅರ್ಧ 6,170.00, ಇದು ಹಿಂದಿನ ಬಾಕಿ ಮತ್ತು ಈಗಿನ ಬಾಕಿಯ ನಡುವಿನ ಅಂತರ. ಹೀಗಾದಾಗ ಯಾವ ಒಂದು ಸಾಲೂ ತಪ್ಪಿಲ್ಲ, ಇಡೀ ಕಡತದ ಚಿಹ್ನೆಗಳೇ ತಲೆಕೆಳಗಾಗಿವೆ. ಕೆಲವು ಕಡತಗಳು ಕಾರ್ಡುದಾರರ ಕೈಯಿಂದ ಹೊರಹೋದದ್ದನ್ನು ಮೈನಸ್ ಎಂದೂ ಬಂದದ್ದನ್ನು ಪ್ಲಸ್ ಎಂದೂ ಬರೆಯುತ್ತವೆ. ಅಲ್ಲಿ ಖರೀದಿ ಋಣಸಂಖ್ಯೆ, ರೀಫಂಡ್ ಧನಸಂಖ್ಯೆ. ಸಂಶಯವಿಲ್ಲದೆ ಗೊತ್ತಿರುವ ಒಂದು ಖರೀದಿಯನ್ನೂ ಒಂದು ಪಾವತಿಯನ್ನೂ ಹುಡುಕಿ ಅವುಗಳ ಚಿಹ್ನೆ ನೋಡಿದರೆ ಕಡತದ ಪದ್ಧತಿ ತಿಳಿಯುತ್ತದೆ. ಎರಡು ಕಾರ್ಡ್‌ಗಳ ಕಡತಗಳನ್ನು ಒಂದೇ ಹಾಳೆಯಲ್ಲಿ ಸೇರಿಸುವವರು ಇದನ್ನು ಪ್ರತಿ ಕಡತಕ್ಕೂ ಪ್ರತ್ಯೇಕವಾಗಿ ನೋಡಲೇಬೇಕು.

ಉಳಿದಂತೆ ಮೊತ್ತ ಕಡಿಮೆ ಬಂದಾಗ ಮೊದಲಿನ ತರ್ಕವನ್ನೇ ತಿರುಗಿಸಿ ನೋಡಿ. ಕಡಿಮೆಯಾದದ್ದು ಒಂದು ಖರ್ಚಿನ ಎರಡರಷ್ಟಿದ್ದರೆ ಆ ಖರ್ಚಿಗೆ ತಪ್ಪಾಗಿ ಮೈನಸ್ ಬಿದ್ದಿದೆ. ಕಡಿಮೆಯಾದದ್ದು ಒಂದು ಜಮೆಯಷ್ಟೇ ಇದ್ದರೆ ಆ ರೀಫಂಡ್ ಎರಡು ಬಾರಿ ನಮೂದಾಗಿದೆ. ಸ್ಟೇಟ್‌ಮೆಂಟ್‌ನ ಪುಟ ಮುಗಿಯುವಲ್ಲಿ ಸಾಲೊಂದನ್ನು ಎರಡು ಬಾರಿ ನಕಲು ಮಾಡುವುದು ಇದಕ್ಕೆ ಸಾಮಾನ್ಯ ಕಾರಣ.

## ಲಕ್ಷಣ: ವ್ಯತ್ಯಾಸವಾಗಲಿ ಅದರ ಅರ್ಧವಾಗಲಿ ಯಾವ ಸಾಲಿಗೂ ಹೊಂದುವುದಿಲ್ಲ

ಎರಡು ತಪ್ಪುಗಳು ಒಟ್ಟಿಗೆ ಇದ್ದಾಗ ಹೀಗಾಗುತ್ತದೆ. ಮೊತ್ತ 15,370.00 ಬಂದಿದೆ, ವ್ಯತ್ಯಾಸ 3,140.00, ಅರ್ಧ 1,570.00 ಎಂದುಕೊಳ್ಳಿ. ಪಟ್ಟಿಯಲ್ಲಿ ಈ ಎರಡೂ ಇಲ್ಲ. ಈಗ ನಿವ್ವಳ ಮೊತ್ತವನ್ನು ಬದಿಗಿಟ್ಟು ಎರಡು ಕಡೆಗಳನ್ನು ಬೇರೆ ಬೇರೆಯಾಗಿ ಕೂಡಬೇಕು. ಹೆಚ್ಚಿನ ಸ್ಟೇಟ್‌ಮೆಂಟ್‌ಗಳ ಮೊದಲ ಪುಟದ ಸಾರಾಂಶದಲ್ಲಿ ಖರೀದಿ ಮತ್ತು ಶುಲ್ಕಗಳು ಒಂದೆಡೆ, ಪಾವತಿ ಮತ್ತು ಜಮೆಗಳು ಇನ್ನೊಂದೆಡೆ ಕೊಟ್ಟಿರುತ್ತವೆ; ಹೋಲಿಕೆಗೆ ಅದೇ ಆಧಾರ.

```
=SUMIF(E2:E13,">0")
=SUMIF(E2:E13,"<0")
```

ಖರ್ಚಿನ ಕಡೆ 20,869.00 ಬಂದರೆ ಅದು ಇರಬೇಕಾದ 19,744.00ಕ್ಕಿಂತ 1,125.00 ಹೆಚ್ಚು. ಜಮೆಯ ಕಡೆ −23,899.00 ಬಂದರೆ ಅದು 25,914.00ಕ್ಕಿಂತ 2,015.00 ಕಡಿಮೆ. ಖರ್ಚಿನ ಕಡೆ ಹೆಚ್ಚಾದ 1,125 ಆರನೆಯ ಸಾಲಿನ ರೀಫಂಡ್; ಅದು ತನ್ನ ಜಾಗ ಬಿಟ್ಟು ಖರ್ಚಿನ ಕಡೆಗೆ ಬಂದಿದೆ. ಜಮೆಯ ಕೊರತೆಯಾದ 2,015ರಲ್ಲಿ ಆ 1,125 ಅನ್ನು ಕಳೆದರೆ 890 ಉಳಿಯುತ್ತದೆ; ಅದು ಎಲ್ಲಿಯೂ ಲೆಕ್ಕಕ್ಕೆ ಬಾರದ ಹನ್ನೊಂದನೆಯ ಸಾಲು. ನಿವ್ವಳದಲ್ಲಿ ಬೆರೆತುಹೋಗಿದ್ದ ಎರಡು ತಪ್ಪುಗಳು ಹೀಗೆ ಬೇರೆಯಾಗುತ್ತವೆ. ಚಿಹ್ನೆ ತಪ್ಪಿದ ಸಾಲು ಎರಡೂ ಕಡೆ ಗುರುತು ಬಿಡುತ್ತದೆ, ಬಿಟ್ಟುಹೋದ ಸಾಲು ಒಂದೇ ಕಡೆ.

ಸಾರಾಂಶವನ್ನು ಓದುವಾಗ ಒಂದು ಸಂಗತಿ ಗಮನದಲ್ಲಿರಲಿ. ಶುಲ್ಕದ ರಿವರ್ಸಲ್ ಅನ್ನು ಕೆಲವು ಸ್ಟೇಟ್‌ಮೆಂಟ್‌ಗಳು ಜಮೆಗಳಲ್ಲಿ ಸೇರಿಸಿದರೆ, ಕೆಲವು ಅದನ್ನು ಶುಲ್ಕಗಳ ಮೊತ್ತದಲ್ಲೇ ಕಳೆದು ತೋರಿಸಬಹುದು. ಆಗ ಖರ್ಚಿನ ಕಡೆ 19,244.00, ಜಮೆಯ ಕಡೆ 25,414.00 ಎಂದಿರುತ್ತದೆ. ಎರಡು ಕಡೆಯೂ ಒಂದೇ ಮೊತ್ತದಷ್ಟು, ಇಲ್ಲಿ 500ರಷ್ಟು, ನಿಮ್ಮದಕ್ಕಿಂತ ಕಡಿಮೆ ಇದ್ದು ನಿವ್ವಳ ಸರಿಯಾಗಿದ್ದರೆ ಅದು ದೋಷವಲ್ಲ, ತೋರಿಸುವ ರೀತಿಯ ಭೇದವಷ್ಟೆ.

ಚಿಹ್ನೆಯ ತಪ್ಪನ್ನು ತಳ್ಳಿಹಾಕಲು ಇನ್ನೊಂದು ಸಣ್ಣ ಉಪಾಯವಿದೆ. ಚಿಹ್ನೆ ತಪ್ಪಿದರೆ ವ್ಯತ್ಯಾಸ ಯಾವಾಗಲೂ ಯಾವುದೋ ಮೊತ್ತದ ಎರಡರಷ್ಟು. ಆದ್ದರಿಂದ ಅದರ ಕೊನೆಯ ದಶಮಾಂಶ ಅಂಕಿ ಸಮವಾಗಿರಲೇಬೇಕು. ವ್ಯತ್ಯಾಸ 317.45ರಂತೆ ಬೆಸ ಅಂಕಿಯಲ್ಲಿ ಕೊನೆಯಾದರೆ ಚಿಹ್ನೆಯೊಂದೇ ಕಾರಣವಾಗಿರಲು ಸಾಧ್ಯವಿಲ್ಲ. ಇನ್ನು ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ, 1,460 ಅನ್ನು 1,640 ಎಂದು ಬರೆದಂತೆ, ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿವೆಯೇ ಎಂದು ನೋಡಿ. ಆದರೆ ಇದು ಸೂಚನೆ ಮಾತ್ರ, ಬೇರೆ ಕಾರಣದ ವ್ಯತ್ಯಾಸವೂ 9ರಿಂದ ಭಾಗವಾಗಬಹುದು.

## ಲಕ್ಷಣ: ವಿವರದಲ್ಲಿ ರಿವರ್ಸಲ್ ಎಂದಿದೆ, ಆದರೂ ಬಾಕಿ ಏರಿದೆ

ಇದು ಅನುಭವಿಗಳನ್ನೂ ಎಡವಿಸುವ ಜಾಗ. ರಿವರ್ಸಲ್ ಎಂದರೆ ಮೈನಸ್ ಎಂದಲ್ಲ, ಹಿಂದೆ ಆದದ್ದನ್ನು ತಿರುಗಿಸುವುದು. ಹಿಂದೆ ಆದದ್ದು ಖರ್ಚಾಗಿದ್ದರೆ ಅದರ ರಿವರ್ಸಲ್ ಜಮೆ. ಹಿಂದೆ ಆದದ್ದು ಜಮೆಯಾಗಿದ್ದರೆ ಅದರ ರಿವರ್ಸಲ್ ಖರ್ಚು.

ಎರಡನೆಯ ಬಗೆ ಅಪರೂಪವೇನಲ್ಲ. ನೀವು ಮಾಡಿದ ಪಾವತಿ ನಿಮ್ಮ ಖಾತೆಯಲ್ಲಿ ಹಣ ಸಾಲದೆ ಹಿಂದಿರುಗಿದರೆ ಪಾವತಿಯ ರಿವರ್ಸಲ್ ಬರುತ್ತದೆ, ಮತ್ತು ಬಾಕಿ ಮತ್ತೆ ಏರುತ್ತದೆ. ಖರೀದಿಗೆ ಕೊಟ್ಟಿದ್ದ ಕ್ಯಾಶ್‌ಬ್ಯಾಕ್ ಅನ್ನು, ವಸ್ತುವನ್ನು ನೀವು ಹಿಂದಿರುಗಿಸಿದ ಕಾರಣಕ್ಕೆ ಬ್ಯಾಂಕ್ ವಾಪಸು ಪಡೆಯಬಹುದು. ವಿವಾದವೊಂದರ ತನಿಖೆ ನಡೆಯುವಾಗ ಕೊಟ್ಟಿದ್ದ ತಾತ್ಕಾಲಿಕ ಜಮೆಯನ್ನು, ತೀರ್ಮಾನ ವ್ಯಾಪಾರಿಯ ಪರವಾಗಿ ಬಂದಾಗ ಹಿಂದಕ್ಕೆ ಪಡೆಯುತ್ತಾರೆ. ಈ ಮೂರೂ ಧನಸಂಖ್ಯೆಯಾಗಿ ಕೂಡಬೇಕಾದ ಸಾಲುಗಳು.

ಆದ್ದರಿಂದ ವಿವರದ ಕಾಲಂನಲ್ಲಿ `REVERSAL` ಅಥವಾ `REFUND` ಎಂಬ ಪದವನ್ನು ಹುಡುಕಿ ಮೈನಸ್ ಹಾಕುವ ಸೂತ್ರವನ್ನು ಬರೆಯಬೇಡಿ. ಅದು ಹಲವು ತಿಂಗಳು ಸರಿಯಾಗಿಯೇ ಕೆಲಸ ಮಾಡಿ, ಹೀಗೊಂದು ಸಾಲು ಬಂದ ದಿನ ಎರಡರಷ್ಟು ತಪ್ಪುತ್ತದೆ. ಚಿಹ್ನೆಯನ್ನು ಹೇಳುವ ಅಧಿಕಾರ ಸ್ಟೇಟ್‌ಮೆಂಟ್‌ನ ಗುರುತಿಗೆ ಮಾತ್ರ ಇರಲಿ. ವಿವರವು ಕಾರಣವನ್ನು ತಿಳಿಯುವುದಕ್ಕೆ.

## ಲಕ್ಷಣ: ರಿವರ್ಸಲ್ ಆಯಿತೆಂದು ಸಂದೇಶ ಬಂದಿದೆ, ಸ್ಟೇಟ್‌ಮೆಂಟ್‌ನಲ್ಲಿ ಅದರ ಸಾಲೇ ಇಲ್ಲ

ಕಾರ್ಡ್ ಉಜ್ಜಿದೊಡನೆ ಆಗುವುದು ಅನುಮತಿ ಮಾತ್ರ. ಬ್ಯಾಂಕ್ ನಿಮ್ಮ ಮಿತಿಯಿಂದ ಅಷ್ಟು ಮೊತ್ತವನ್ನು ತಡೆದಿಡುತ್ತದೆ. ವ್ಯಾಪಾರಿ ಅದನ್ನು ವಸೂಲಿಗೆ ಕಳಿಸಿದ ಮೇಲಷ್ಟೇ ಅದು ಸ್ಟೇಟ್‌ಮೆಂಟ್‌ನ ಸಾಲಾಗುತ್ತದೆ. ವಸೂಲಿಗೆ ಮೊದಲೇ ವ್ಯವಹಾರ ರದ್ದಾದರೆ ತಡೆ ಸಡಿಲವಾಗುತ್ತದೆ. ಖರೀದಿಯೂ ನಮೂದಾಗುವುದಿಲ್ಲ, ರಿವರ್ಸಲ್ ಕೂಡ ನಮೂದಾಗುವುದಿಲ್ಲ.

ಹೀಗಿರುವಾಗ ಸಂದೇಶವನ್ನು ನೋಡಿ ಹಾಳೆಯಲ್ಲಿ ಋಣ ಸಾಲೊಂದನ್ನು ಸೇರಿಸಿದರೆ, ಎಂದೂ ಕೂಡದೇ ಇದ್ದದ್ದನ್ನು ಕಳೆದಂತಾಗುತ್ತದೆ. ವಸತಿಗೃಹಗಳಲ್ಲಿ ಮತ್ತು ವಾಹನ ಬಾಡಿಗೆಯಲ್ಲಿ ಮೊದಲು 5,000 ತಡೆದು ಕೊನೆಗೆ 3,200 ವಸೂಲು ಮಾಡಿದಾಗಲೂ ಹೀಗೆಯೇ. ಸ್ಟೇಟ್‌ಮೆಂಟ್‌ನಲ್ಲಿ 3,200ರ ಒಂದು ಸಾಲು ಬರುತ್ತದೆ, 1,800ರ ರೀಫಂಡ್ ಬರುವುದಿಲ್ಲ. ನಿಯಮ ಸರಳ: ಸ್ಟೇಟ್‌ಮೆಂಟ್ ಅನ್ನು ಕೂಡುವಾಗ ಅದರಲ್ಲಿ ನಮೂದಾದ ಸಾಲುಗಳನ್ನಷ್ಟೇ ಕೂಡಿ.

ವಿದೇಶಿ ಕರೆನ್ಸಿಯ ಖರೀದಿಯ ರೀಫಂಡ್ ಬಂದಿದ್ದರೂ ಅದು ಮೂಲ ಖರೀದಿಗೆ ಸಮನಾಗಿರುವುದಿಲ್ಲ. ರೀಫಂಡ್ ಆದ ದಿನದ ವಿನಿಮಯ ದರ ಬೇರೆ, ಮತ್ತು ಪರಿವರ್ತನೆಯ ಶುಲ್ಕ ಹಿಂದಿರುಗದೇ ಇರಬಹುದು. ಜೋಡಿ ಹೊಂದಲೆಂದು ರೀಫಂಡ್‌ನ ಅಂಕಿಯನ್ನು ತಿದ್ದಬೇಡಿ. ಉಳಿದ ಆ ಚಿಕ್ಕ ಅಂತರ ನಿಜವಾದ ಖರ್ಚು.

## ಲಕ್ಷಣ: ಒಟ್ಟು ತಾಳೆಯಾಗಿದೆ, ಖರ್ಚಿನ ವರ್ಗವೊಂದು ಮೈನಸ್‌ನಲ್ಲಿದೆ

ಇಲ್ಲಿ ಕೂಡಿಕೆಯಲ್ಲಿ ತಪ್ಪಿಲ್ಲ, ಕೇಳಿದ ಪ್ರಶ್ನೆ ಬದಲಾಗಿದೆ. ಎಷ್ಟು ಕಟ್ಟಬೇಕು ಎಂಬುದಕ್ಕೆ ಉತ್ತರ 12,230. ಈ ಅವಧಿಯಲ್ಲಿ ಕೊಂಡದ್ದಕ್ಕೆ ಕೊನೆಗೆ ಎಷ್ಟು ಖರ್ಚಾಯಿತು ಎಂಬುದಕ್ಕೆ ಉತ್ತರ 13,120, ಏಕೆಂದರೆ 890ರ ರೀಫಂಡ್ ಹಿಂದಿನ ಅವಧಿಯ ಖರೀದಿಗೆ ಸೇರಿದ್ದು. ಆ ವರ್ಗದಲ್ಲಿ ಈ ಬಾರಿ ಬೇರೆ ಖರೀದಿಯೇ ಇಲ್ಲದಿದ್ದರೆ ಅದು −890 ಎಂದು ಕಾಣುತ್ತದೆ, ಮತ್ತು ಹಾಗೆ ಕಾಣುವುದು ಸರಿ.

ರೀಫಂಡ್‌ಗೆ ಪ್ರತ್ಯೇಕ ವರ್ಗ ಮಾಡುವುದಕ್ಕಿಂತ ಅದನ್ನು ಮೂಲ ಖರೀದಿಯ ವರ್ಗದಲ್ಲೇ ಇಟ್ಟು, ಪಕ್ಕದ ಕಾಲಂನಲ್ಲಿ ಮೂಲ ಖರೀದಿಯ ದಿನಾಂಕವನ್ನು ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೆಡ್‌ಫೋನ್‌ನಂತೆ ಪೂರ್ತಿ ಹಿಂದಿರುಗಿದ ಖರೀದಿಯ ಎರಡೂ ಸಾಲುಗಳನ್ನು ಅಳಿಸಿಬಿಡುವ ಅಭ್ಯಾಸ ಹಲವರಿಗಿದೆ. ಒಟ್ಟು ಬದಲಾಗುವುದಿಲ್ಲ ನಿಜ. ಆದರೆ ಖರ್ಚು ಮತ್ತು ಜಮೆಯ ಬೇರೆ ಬೇರೆ ಮೊತ್ತಗಳು ಸಾರಾಂಶಕ್ಕೆ ಹೊಂದದಂತಾಗಿ, ಮೇಲೆ ಹೇಳಿದ ಎರಡು ಕಡೆಯ ಪರೀಕ್ಷೆ ನಿಷ್ಫಲವಾಗುತ್ತದೆ. ಎರಡೂ ಸಾಲುಗಳು ಉಳಿಯಲಿ.

## ಎಲ್ಲಿ ನಿಲ್ಲಿಸಿ ಬ್ಯಾಂಕನ್ನು ಕೇಳಬೇಕು

ಹಾಳೆಯ ಪ್ರತಿ ಸಾಲೂ ಸ್ಟೇಟ್‌ಮೆಂಟ್‌ನೊಂದಿಗೆ ಹೊಂದಿ, ಎಣಿಕೆಯೂ ಸಮವಾಗಿ, ಆದರೂ ಒಟ್ಟು ಬಾಕಿ ಹೊಂದದಿದ್ದರೆ, ಸೂತ್ರಗಳನ್ನು ಇನ್ನೂ ತಿದ್ದುತ್ತ ಕೂರಬೇಡಿ. ಬಡ್ಡಿ ಅಥವಾ ತೆರಿಗೆಯ ಸಾಲು ಬೇರೆ ಪುಟದಲ್ಲಿದೆಯೇ ಎಂದು ನೋಡಿ, ಇಲ್ಲವಾದರೆ ಲಿಖಿತವಾಗಿ ವಿಚಾರಿಸಿ. ವ್ಯಾಪಾರಿ ರೀಫಂಡ್ ಮಾಡುವ ಬದಲು ಅದೇ ಮೊತ್ತವನ್ನು ಇನ್ನೊಮ್ಮೆ ವಸೂಲು ಮಾಡಿರುವುದು, ಅಂದರೆ ಜಮೆಯಾಗಬೇಕಾದದ್ದು ಗುರುತಿಲ್ಲದೆ ಎರಡನೆಯ ಖರೀದಿಯಾಗಿ ಬಂದಿರುವುದು ಕಂಡರೆ, ಹಾಳೆಯಲ್ಲಿ ಮೈನಸ್ ಹಾಕಿ ಸಮಾಧಾನಪಡಬಾರದು. ಅದು ನಿಜವಾದ ಬಾಕಿ. ವ್ಯಾಪಾರಿಯಿಂದ ರೀಫಂಡ್‌ನ ರಸೀದಿ ಪಡೆದು, ಸ್ಟೇಟ್‌ಮೆಂಟ್‌ನಲ್ಲಿ ಹೇಳಿರುವ ಗಡುವಿನೊಳಗೆ ಬ್ಯಾಂಕಿಗೆ ದೂರು ಕೊಡಬೇಕು. ಮಾತು ಕೊಟ್ಟ ರೀಫಂಡ್ ಮುಂದಿನ ಸ್ಟೇಟ್‌ಮೆಂಟ್‌ನಲ್ಲೂ ಬಾರದಿದ್ದರೆ ಹಾಗೆಯೇ ಮಾಡಿ.

ಬರಬೇಕಾದ ರೀಫಂಡ್ ಅನ್ನು ಮುಂಗಡವಾಗಿ ಕಳೆದು ಕಡಿಮೆ ಹಣ ಕಟ್ಟುವುದು ಅಪಾಯಕರ. ಸ್ಟೇಟ್‌ಮೆಂಟ್ ತಯಾರಾದ ನಂತರ ಬರುವ ರೀಫಂಡ್ ಮುಂದಿನ ಅವಧಿಗೆ ಸೇರಬಹುದು. ಲೆಕ್ಕ ತಾಳೆಯಾಗಿರಲಿ ಬಿಡಲಿ, ಕೊನೆಯ ದಿನಾಂಕದೊಳಗೆ ಸ್ಟೇಟ್‌ಮೆಂಟ್ ಹೇಳುವ ಮೊತ್ತವನ್ನು ಕಟ್ಟಿ, ಹುಡುಕಾಟವನ್ನು ಆಮೇಲೆ ಮುಂದುವರಿಸಿ. ಹೆಚ್ಚು ಕಟ್ಟಿದ್ದು ಮುಂದಿನ ಬಾರಿ ಜಮೆಯಾಗಿ ನಿಲ್ಲುತ್ತದೆ.

ರೀಫಂಡ್ ಕೊಡಿಸುತ್ತೇವೆಂದು ತಾವಾಗಿ ಕರೆ ಮಾಡಿ ಕಾರ್ಡ್ ಸಂಖ್ಯೆ, ಒಟಿಪಿ ಅಥವಾ ನಿಮ್ಮ ಪರದೆಯ ನೋಟವನ್ನು ಕೇಳುವವರಿಗೆ ಏನನ್ನೂ ಕೊಡಬೇಡಿ. ವಿಚಾರಿಸಬೇಕಾದರೆ ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾದ ಸಂಖ್ಯೆಗೆ ನೀವೇ ಕರೆ ಮಾಡಿ. ಹಾಳೆಯನ್ನು ಬೇರೆಯವರಿಗೆ ತೋರಿಸಿ ಸಹಾಯ ಕೇಳುವುದಾದರೆ ಹೆಸರು, ಕಾರ್ಡ್ ಸಂಖ್ಯೆ ಮತ್ತು ವಿಳಾಸವನ್ನು ಅಳಿಸಿದ ಪ್ರತಿಯನ್ನು ಕೊಡಿ. ತಪ್ಪನ್ನು ಹುಡುಕುವವರಿಗೆ ಮೊತ್ತ ಮತ್ತು ಗುರುತು, ಈ ಎರಡು ಕಾಲಂಗಳು ಸಾಕು.